ಪಂಚಾಂಗದ ಫೋಟೊದಲ್ಲಿ ಕಾಣದ ಸೂರ್ಯೋದಯ

ದಾವಣಗೆರೆಯಿಂದ ಬಂದ ಫೋನಿನಲ್ಲಿ ಅಜ್ಜಿಯ ದನಿ ಗಾಬರಿಯಿಂದ ನಡುಗುತ್ತಿತ್ತು. "ಅಲ್ಲಪ್ಪಾ, ನೀನು ಗ್ರೂಪಿಗೆ ಹಾಕಿದ ಪಟ್ಟಿಯಲ್ಲಿ ಮೂವತ್ತನೇ ತಾರೀಕಿಗೆ ಮೂಲಾ ನಕ್ಷತ್ರ ಅಂತ ಐತಲ್ಲ. ನಮ್ಮ ಮೊಮ್ಮಗಳು ಹುಟ್ಟಿದ್ದು ಅವತ್ತೇ ಬೆಳಿಗ್ಗೆ ಹತ್ತಕ್ಕೆ. ಹೆಣ್ಣು ಮಗುವಿಗೆ ಮೂಲಾ ನಕ್ಷತ್ರವೇ?"

ಮೂಲೆಯಲ್ಲಿ ಹುಟ್ಟಿದ ಹೆಣ್ಣು ಮಾವನಿಗೆ ಆಗಿಬರುವುದಿಲ್ಲ ಎಂಬ ಮಾತನ್ನು ನಾನು ನಂಬುವವನಲ್ಲ. ಆದರೆ ಆ ಹೆದರಿಕೆಯನ್ನು ಅವರ ಮನೆಗೆ ಕಳಿಸಿದ್ದು ನನ್ನ ಪಟ್ಟಿ. ಬೆಹಾಲಾದಲ್ಲಿ ನಾವು ಕೆಲವು ಕನ್ನಡದ ಮನೆಗಳಿದ್ದೇವೆ. ಊರಿನಿಂದ ಯಾರಾದರೂ ಪಂಚಾಂಗದ ತಿಂಗಳ ಪುಟದ ಫೋಟೊ ಕಳಿಸುತ್ತಾರೆ, ನಾನು ಅದನ್ನು ನೋಡಿ ಹಬ್ಬ, ತಿಥಿ, ನಕ್ಷತ್ರಗಳ ಪಟ್ಟಿ ಟೈಪ್ ಮಾಡಿ ಹಾಕುತ್ತೇನೆ. ಎಂ.ಟೆಕ್ ಮಾಡಿದವನಿಗೆ ಇದೇನು ಮಹಾ ಎಂಬ ಹಮ್ಮೂ ಇತ್ತು ಅನ್ನಿ. 2025ರ ಆಶ್ವಯುಜ ಮಾಸದ ಪುಟ ಆ ಹಮ್ಮನ್ನು ಇಳಿಸಿತು.

ಪುಟದಲ್ಲಿ ಸೆಪ್ಟೆಂಬರ್ 30ರ ಸಾಲು ಹೀಗಿತ್ತು: ಮಂಗಳವಾರ, ತಿಥಿ 8, ಅದರ ಮುಂದೆ 29-52, ನಕ್ಷತ್ರ ಮೂಲಾ, ಅದರ ಮುಂದೆ 0-20. ನಾನು ಹೆಸರುಗಳನ್ನು ಬರೆದುಕೊಂಡು ಅಂಕಿಗಳನ್ನು ಬಿಟ್ಟಿದ್ದೆ. ತಪ್ಪು ಆಗಿದ್ದು ಅಲ್ಲಿ. ಆ ಅಂಕಿಗಳು ಘಳಿಗೆ ಮತ್ತು ವಿಘಳಿಗೆ. ಒಂದು ಘಳಿಗೆಗೆ 24 ನಿಮಿಷ, ಒಂದು ವಿಘಳಿಗೆಗೆ 24 ಸೆಕೆಂಡು. ಸೂರ್ಯೋದಯವಾದ ಮೇಲೆ ಆ ತಿಥಿಯೋ ನಕ್ಷತ್ರವೋ ಇನ್ನೆಷ್ಟು ಹೊತ್ತು ಇರುತ್ತದೆ ಎಂಬುದನ್ನು ಅವು ಹೇಳುತ್ತವೆ. ಮೂಲಾ 0-20 ಎಂದರೆ ಸೂರ್ಯ ಹುಟ್ಟಿದ ಎಂಟೇ ನಿಮಿಷಕ್ಕೆ ಮೂಲಾ ಮುಗಿಯಿತು ಎಂದರ್ಥ. ಬೆಂಗಳೂರಿನಲ್ಲಿ ಅಂದಿನ ಸೂರ್ಯೋದಯ 6.09ರ ಸುಮಾರಿಗೆ, 6.17ಕ್ಕೆ ಪೂರ್ವಾಷಾಢ ಶುರು. ಹತ್ತು ಗಂಟೆಗೆ ಹುಟ್ಟಿದ ಮಗುವಿನದು ಪೂರ್ವಾಷಾಢ. ಪಂಚಾಂಗ ಹೇಳಿದ್ದು ಸರಿ. ಸೂರ್ಯೋದಯದ ನಕ್ಷತ್ರವನ್ನು ಇಡೀ ದಿನಕ್ಕೆ ಹೊದಿಸಿದ್ದು ನಾನು.

ಇನ್ನೂ ಒಂದು ಹಳ್ಳ ನಮ್ಮಂಥವರಿಗೆಂದೇ ಕಾದಿರುತ್ತದೆ. ಘಳಿಗೆಯನ್ನು ಗಂಟೆಗೆ ತರುವಾಗ ಕೂಡಿಸಬೇಕಾದ್ದು ಯಾವ ಊರಿನ ಸೂರ್ಯೋದಯಕ್ಕೆ? ಕೋಲ್ಕತ್ತಾದಲ್ಲಿ ಅಂದು ಸೂರ್ಯ ಹುಟ್ಟಿದ್ದು 5.29ರ ಸುಮಾರಿಗೆ, ಬೆಂಗಳೂರಿಗಿಂತ 40 ನಿಮಿಷ ಮೊದಲು. ಅಷ್ಟಮಿಯ 29-52 ಎಂದರೆ 11 ಗಂಟೆ 57 ನಿಮಿಷ. ಇದನ್ನು 6.09ಕ್ಕೆ ಕೂಡಿಸಿದರೆ ಸಂಜೆ 6.06. ನಾವಿರುವುದು ಇಲ್ಲಿ ತಾನೇ ಎಂದು 5.29ಕ್ಕೆ ಕೂಡಿಸಿದರೆ 5.26. ಎರಡನೆಯದು ತಪ್ಪು. ತಿಥಿ ಮುಗಿಯುವುದು ಚಂದ್ರ ಮತ್ತು ಸೂರ್ಯರ ನಡುವಿನ ಅಂತರದಿಂದ, ಆ ಕ್ಷಣ ಇಡೀ ದೇಶಕ್ಕೆ ಒಂದೇ. ಪುಟದಲ್ಲಿ ಅಚ್ಚಾದ ಘಳಿಗೆಯನ್ನು ಮಾತ್ರ ಪಂಚಾಂಗ ಗಣಿಸಿದ ಊರಿನ ಸೂರ್ಯೋದಯದಿಂದ ಎಣಿಸಲಾಗಿದೆ. ಹಾಗಾಗಿ ಮೊದಲು ಆ ಊರಿನ ಸೂರ್ಯೋದಯ ಹಿಡಿದು ಗಡಿಯಾರದ ಹೊತ್ತಿಗೆ ತರಬೇಕು; ನಮ್ಮ ಊರಿನ ಸೂರ್ಯೋದಯವನ್ನು ಆಮೇಲೆ ನೋಡಬೇಕು. ಯಾವ ಊರಿನ ಗಣಿತ ಎಂಬುದು ಸಾಮಾನ್ಯವಾಗಿ ತಿಂಗಳ ಪುಟದಲ್ಲಿರುವುದಿಲ್ಲ, ಪುಸ್ತಕದ ಮೊದಲ ಪುಟಗಳಲ್ಲಿರುತ್ತದೆ. ಈಗ ನಾನು ಆ ಪುಟದ ಫೋಟೊವನ್ನೂ ಕೇಳಿ ತರಿಸಿಕೊಳ್ಳುತ್ತೇನೆ.

ಬೆಹಾಲಾದಲ್ಲಿ ಈ ಲೆಕ್ಕವನ್ನು ಪರೀಕ್ಷಿಸಲು ಒಂದು ಒಳ್ಳೆಯ ದಾರಿಯಿದೆ. ದುರ್ಗಾಪೂಜೆಯ ಪೆಂಡಾಲುಗಳಲ್ಲಿ 108 ದೀಪ ಹಚ್ಚುವ ಸಂಧಿಪೂಜೆ ನಡೆಯುವುದು ಅಷ್ಟಮಿಯ ಕೊನೆಯ 24 ನಿಮಿಷ ಮತ್ತು ನವಮಿಯ ಮೊದಲ 24 ನಿಮಿಷಗಳಲ್ಲಿ, ಅಂದರೆ ಆಚೆಗೊಂದು ಘಳಿಗೆ ಈಚೆಗೊಂದು ಘಳಿಗೆ. ದೃಗ್ಗಣಿತದ ಪಂಜಿಕಾ ಪ್ರಕಾರ 2025ರಲ್ಲಿ ಅದು ಸಂಜೆ 5.42ರಿಂದ 6.30. ನಡುಮಧ್ಯ 6.06! ನಮ್ಮೂರಿನ ಪುಟ ಮತ್ತು ಬಂಗಾಳದ ಪಂಜಿಕಾ ಒಂದೇ ಕ್ಷಣಕ್ಕೆ ಬಂದು ನಿಂತಿದ್ದು ಕಂಡು ನನಗೆ ಆದ ಖುಷಿ ಪಕ್ಕದ ಮನೆಯ ದಾದಾನಿಗೆ ಅರ್ಥವಾಗಲಿಲ್ಲ. ಸೂರ್ಯಸಿದ್ಧಾಂತದ ಹಳೆಯ ಗಣಿತ ಹಿಡಿಯುವ ಪಂಜಿಕಾಗಳಲ್ಲಿ ಹೊತ್ತು ಬೇರೆ ಬರುತ್ತದೆ. ಅಲ್ಲಿ ಹೊಂದದಿದ್ದರೆ ನಿಮ್ಮ ಓದು ತಪ್ಪೆಂದುಕೊಳ್ಳಬೇಡಿ.

ಫೋಟೊದ ತೊಂದರೆ ಇನ್ನೊಂದು ಬಗೆಯದು. ಹೊಲಿಗೆಯ ಹತ್ತಿರ ಹಾಳೆ ಬಾಗಿ, ಕನ್ನಡ ಅಂಕಿಗಳ ೬ ಮತ್ತು ೯ ಒಂದರಂತೆ ಒಂದು ಕಾಣುತ್ತವೆ. ಆ ಅಷ್ಟಮಿಯ ೨೯ನ್ನು ನಾನು ಮೊದಲು ೨೬ ಎಂದೇ ಓದಿದ್ದೆ. ಕಣ್ಣಿಗಿಂತ ಮೇಲಿನ ಕೆಳಗಿನ ಸಾಲುಗಳನ್ನು ನಂಬುವುದು ಲೇಸು. ಸೆಪ್ಟೆಂಬರ್ 27ರಿಂದ ಪಂಚಮಿ 14-45, ಷಷ್ಠಿ 20-45, ಸಪ್ತಮಿ 25-55, ನಂತರ ಅಷ್ಟಮಿ, ಅಕ್ಟೋಬರ್ 1ಕ್ಕೆ ನವಮಿ 32-10. ಅಷ್ಟಮಿ 26-52 ಎಂದಾದರೆ ದಿನದಿಂದ ದಿನಕ್ಕೆ ಏರಿಕೆ ಸುಮಾರು 6, 5, 1, 5 ಘಳಿಗೆ. ಚಂದ್ರ ಹೀಗೆ ಎಡವುತ್ತಾ ನಡೆಯುವುದಿಲ್ಲ. 29-52 ಎಂದು ಓದಿದರೆ 6, 5, 4, 2. ಏರಿಕೆ ಮೆಲ್ಲಗೆ ಇಳಿಯುತ್ತಿದೆ, ಓದು ಸರಿ. ಹಳಬರು ತಿಥಿಯ ಏರಿಳಿತದ ಮಿತಿಯನ್ನು "ಬಾಣವೃದ್ಧಿ ರಸಕ್ಷಯ" ಎನ್ನುತ್ತಿದ್ದರು: ಬಾಣ ಎಂದರೆ ಐದು, ರಸ ಎಂದರೆ ಆರು. ದೃಗ್ಗಣಿತದಲ್ಲಿ ಈ ಮಿತಿ ಇನ್ನೂ ಸ್ವಲ್ಪ ಅಗಲ, ಆದ್ದರಿಂದಲೇ ಮೇಲಿನ 6 ತಪ್ಪಲ್ಲ. ನಮ್ಮ ಕೆಲಸದಲ್ಲಿ ಚೆಕ್‌ಸಮ್ ಎನ್ನುವುದಕ್ಕೆ ಇದು ಅಜ್ಜನ ಕಾಲದ ಹೆಸರು.

ಅದೇ ಪುಟದಲ್ಲಿ 24ಕ್ಕೂ ತದಿಗೆ, 25ಕ್ಕೂ ತದಿಗೆ ಇತ್ತು. ಅಚ್ಚಿನ ತಪ್ಪೆಂದು ಒಂದನ್ನು ತಿದ್ದಲು ಹೋದವನು, 24ರ ಮುಂದಿದ್ದ 60-0 ನೋಡಿ ಕೈ ಬಿಟ್ಟೆ. ಒಂದು ದಿನಕ್ಕೆ 60 ಘಳಿಗೆ. ಅಂದು ತದಿಗೆ ಸೂರ್ಯೋದಯದಿಂದ ಸೂರ್ಯೋದಯದವರೆಗೆ ತುಂಬಿ ಮರುದಿನಕ್ಕೂ ಚಾಚಿತ್ತು. ಆ ವರ್ಷ ಮೈಸೂರು ದಸರಾ 11 ದಿನ ನಡೆದದ್ದು ಇದರಿಂದಲೇ.

ಇಷ್ಟೆಲ್ಲ ಕಲಿತ ಮೇಲೆ ಹಬ್ಬದ ದಿನವನ್ನೂ ನಾನೇ ಲೆಕ್ಕ ಹಾಕಿಬಿಡುತ್ತೇನೆ ಎನ್ನುವವರು ಆ ತಿಂಗಳ ಕೊನೆಯ ಸಾಲನ್ನು ನೋಡಬೇಕು. ಅಕ್ಟೋಬರ್ 21ರಂದು ಅಮಾವಾಸ್ಯೆ ಮುಗಿದದ್ದು ಸಂಜೆ 5.54ಕ್ಕೆ. ಬೆಂಗಳೂರಿನಲ್ಲಿ ಸೂರ್ಯ ಮುಳುಗುವ ಎರಡು ಮೂರು ನಿಮಿಷ ಮುಂಚೆ. ಕೋಲ್ಕತ್ತಾದಲ್ಲಿ ಸೂರ್ಯ 5.05ರ ಸುಮಾರಿಗೇ ಮುಳುಗಿದ್ದ. ಲಕ್ಷ್ಮೀಪೂಜೆಗೆ ಪ್ರದೋಷದಲ್ಲಿ, ಅಂದರೆ ಸೂರ್ಯಾಸ್ತದ ನಂತರ, ಅಮಾವಾಸ್ಯೆ ಇರಬೇಕೆಂದು ಹಿಡಿದರೆ 21ರ ಸಂಜೆ ಇಲ್ಲಿ ಅದು ಮುಕ್ಕಾಲು ಗಂಟೆಗೂ ಹೆಚ್ಚು ಸಿಗುತ್ತದೆ, ಬೆಂಗಳೂರಿನಲ್ಲಿ ಸಿಗುವುದೇ ಇಲ್ಲ. ಕಾಳಿಪೂಜೆಗೆ ಬೇಕಾದ್ದು ನಡುರಾತ್ರಿಯ ಅಮಾವಾಸ್ಯೆ, ಆದ್ದರಿಂದ ಇಲ್ಲಿ ಅದು 20ರಂದೇ ಆಯಿತು. ಗಣೇಶ ಚೌತಿಗೆ ಮಧ್ಯಾಹ್ನ, ಕೃಷ್ಣಾಷ್ಟಮಿಗೆ ನಡುರಾತ್ರಿ, ಹೀಗೆ ಹಬ್ಬಕ್ಕೊಂದು ಹೊತ್ತು. ಸೂರ್ಯೋದಯದ ತಿಥಿಯ ಅಂಕಿ ನೋಡಿ ಹಬ್ಬ ನಿಶ್ಚಯಿಸುವುದು ಸಲ್ಲದು. ಪುಟದಲ್ಲಿ ಹಬ್ಬದ ಹೆಸರು ಯಾವ ಸಾಲಿನಲ್ಲಿದೆಯೋ ಅದನ್ನೇ ನಕಲು ಮಾಡಬೇಕು, ಎರಡೂರಿನ ನಡುವೆ ಹೀಗೆ ಬಿರುಕು ಬಿಟ್ಟಾಗ ಅಷ್ಟನ್ನು ಬರೆದು ಮನೆಯ ಹಿರಿಯರಿಗೆ ಬಿಡಬೇಕು.

ಘಳಿಗೆಯ ತಂಟೆಯೇ ಬೇಡ ಎನ್ನುವವರಿಗೆ ರಾಷ್ಟ್ರೀಯ ಪಂಚಾಂಗವಿದೆ. ತಿಥಿ ನಕ್ಷತ್ರ ಮುಗಿಯುವ ಹೊತ್ತನ್ನು ಅದರಲ್ಲಿ ಭಾರತೀಯ ಕಾಲಮಾನದ ಗಂಟೆ ನಿಮಿಷಗಳಲ್ಲೇ ಕೊಡುತ್ತಾರೆ, ಕನ್ನಡದಲ್ಲೂ ಪ್ರಕಟವಾಗುತ್ತದೆ. ಅದರ ಗಣಿತ ನಡೆಯುವುದು ಇದೇ ಕೋಲ್ಕತ್ತಾದ ಪೊಸಿಷನಲ್ ಅಸ್ಟ್ರಾನಮಿ ಸೆಂಟರಿನಲ್ಲಿ.

ನನ್ನ ಪಟ್ಟಿಯ ಸಾಲು ಈಗ ಉದ್ದವಾಗಿದೆ: "ಸೆ. 30, ಮಂಗಳವಾರ. ಅಷ್ಟಮಿ ಸಂಜೆ 6.06ರವರೆಗೆ, ನಂತರ ನವಮಿ. ಮೂಲಾ ಬೆಳಿಗ್ಗೆ 6.17ರವರೆಗೆ, ನಂತರ ಪೂರ್ವಾಷಾಢ. ದುರ್ಗಾಷ್ಟಮಿ." ತಿದ್ದಿ ಕಳಿಸಿದ ದಿನ ಅಜ್ಜಿ ಮತ್ತೆ ಫೋನ್ ಮಾಡಿದರು. "ಪೂರ್ವಾಷಾಢ ಅಂತ ಪುರೋಹಿತರೂ ಹೇಳಿದರಪ್ಪಾ. ನೀನು ಮೊದಲೇ ಸರಿಯಾಗಿ ಬರೆದಿದ್ದರೆ ಎರಡು ರಾತ್ರಿ ನಿದ್ದೆಯಾದರೂ ಉಳೀತಿತ್ತು."