ನೂರಕ್ಕೆ ಎಂಬತ್ತು ಸರಿ, ಆದರೂ ನಂಬುವಂತಿಲ್ಲ

ಅಮೆರಿಕದ ಸೇನೆಯ ಸಿಗ್ನಲ್ ವಿಭಾಗದಲ್ಲಿದ್ದ ಜಾನ್ ಫಿನ್ಲಿ ಎಂಬಾತ 1884ರಲ್ಲಿ ಸುಂಟರಗಾಳಿಯ ಮುನ್ಸೂಚನೆ ಕೊಡತೊಡಗಿದ. ಇಂಥ ಪ್ರದೇಶದಲ್ಲಿ ಈ ಹೊತ್ತು ಸುಂಟರಗಾಳಿ ಬೀಸುತ್ತದೆ, ಅಥವಾ ಬೀಸುವುದಿಲ್ಲ, ಇವೆರಡರಲ್ಲಿ ಒಂದು. ಒಟ್ಟು 2803 ಮುನ್ಸೂಚನೆಗಳಲ್ಲಿ 2708 ಸರಿಯಾದವು. ಅಂದರೆ ಶೇಕಡಾ 96.6. ಯಾರಾದರೂ ಭೇಷ್ ಅನ್ನಬೇಕಾದ ಅಂಕ. ಆದರೆ ಅದೇ ವರ್ಷ ಭೂವಿಜ್ಞಾನಿ ಜಿ.ಕೆ. ಗಿಲ್ಬರ್ಟ್ ಈ ಲೆಕ್ಕಕ್ಕೆ ಆಕ್ಷೇಪ ಎತ್ತಿದ. ನಿಜವಾಗಿ ಸುಂಟರಗಾಳಿ ಬೀಸಿದ್ದು 51 ಸಲ ಮಾತ್ರ. ಆಕಾಶದ ಕಡೆ ತಲೆ ಎತ್ತಿಯೂ ನೋಡದೆ ‘ಬೀಸುವುದಿಲ್ಲ’ ಎಂದು 2803 ಸಲ ಹೇಳಿದ್ದರೆ 98.2 ಅಂಕ ಬರುತ್ತಿತ್ತು!

ಎಷ್ಟು ಸರಿ, ಎಷ್ಟು ತಪ್ಪು ಎಂಬ ಎಣಿಕೆ ನಮ್ಮನ್ನು ಹೀಗೆ ಯಾಮಾರಿಸಬಲ್ಲದು. ಅದಕ್ಕೂ ನವಿರಾದ ಇನ್ನೊಂದು ಮೋಸವಿದೆ. ಅದು ಸಂಭವನೀಯತೆಯಲ್ಲಿ ಅಡಗಿರುತ್ತದೆ.

ಅಮೆರಿಕದ ಹವಾಮಾನ ಇಲಾಖೆ 1965ರಿಂದ ದೇಶದಾದ್ಯಂತ ‘ನಾಳೆ ಮಳೆ ಬರುವ ಸಂಭವ ಶೇ 70’ ಎಂಬ ಧಾಟಿಯಲ್ಲಿ ಮುನ್ಸೂಚನೆ ಕೊಡುತ್ತಿದೆ. (ಊರಿನ ಶೇ 70 ಭಾಗದಲ್ಲಿ ಮಳೆ ಎಂದೋ, ದಿನದ ಶೇ 70 ಹೊತ್ತು ಮಳೆ ಎಂದೋ ಅರ್ಥ ಮಾಡಿಕೊಳ್ಳುವವರು ಇಂದಿಗೂ ಇದ್ದಾರೆ.) ಸರಿ, ಶೇ 70 ಅಂದರು, ಮಳೆ ಬರಲಿಲ್ಲ. ಹೇಳಿದ್ದು ತಪ್ಪಾಯಿತೆ? ಒಂದು ದಿನದ ಮಟ್ಟಿಗೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಶೇ 70 ಎಂದ ದಿನಗಳನ್ನೆಲ್ಲ ಒಟ್ಟಿಗೆ ಗುಡ್ಡೆ ಹಾಕಿ, ಅವುಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ದಿನ ಮಳೆ ಬಂದಿದೆಯೇ ಎಂದು ನೋಡಬೇಕು. ಬಂದಿದ್ದರೆ ಆ ಸಂಖ್ಯೆ ನಂಬಿಕೆಗೆ ಅರ್ಹ. ಅಂಗಡಿಯ ತಕ್ಕಡಿಯನ್ನು ಮುದ್ರೆಯಿರುವ ತೂಕದ ಬಟ್ಟಿನ ಜೊತೆ ತಾಳೆ ನೋಡುತ್ತಾರಲ್ಲ, ಅದೇ ಬಗೆಯ ಪರೀಕ್ಷೆ ಇದು. ಇದನ್ನು ಕ್ಯಾಲಿಬ್ರೇಷನ್ ಎನ್ನುತ್ತಾರೆ.

ಒಂದು ಕಲ್ಪಿತ ಲೆಕ್ಕ ನೋಡೋಣ. ಮಳೆ ಹೇಳುವವರು ಇಬ್ಬರು. ಒಬ್ಬರನ್ನು ರಾಯರು, ಇನ್ನೊಬ್ಬರನ್ನು ಗೌಡರು ಎಂದು ಕರೆಯೋಣ. ನೂರು ದಿನಗಳ ಪೈಕಿ 50 ದಿನ ರಾಯರು ಮಳೆಯ ಸಂಭವ ಶೇ 5 ಎಂದರು, 30 ದಿನ ಶೇ 10 ಎಂದರು, ಉಳಿದ 20 ದಿನ ಶೇ 90 ಎಂದರು. ಮಳೆ ಬಂದದ್ದು ಮೊದಲ ಗುಂಪಿನಲ್ಲಿ 5 ದಿನ, ಎರಡನೆಯದರಲ್ಲಿ 9 ದಿನ, ಮೂರನೆಯದರಲ್ಲಿ 14 ದಿನ. ಗೌಡರು ಅದೇ ದಿನಗಳನ್ನು ಹಾಗೆಯೇ ಮೂರು ಗುಂಪು ಮಾಡಿದರು. ಆದರೆ ಅವರು ಹೇಳಿದ್ದು ಶೇ 10, ಶೇ 30 ಮತ್ತು ಶೇ 70.

ಐವತ್ತರ ಮೇಲಿದ್ದರೆ ‘ಬರುತ್ತದೆ’, ಕೆಳಗಿದ್ದರೆ ‘ಬರುವುದಿಲ್ಲ’ ಎಂದು ಎಣಿಸಿದರೆ ಇಬ್ಬರಿಗೂ ನೂರಕ್ಕೆ ಸರಿಯಾಗಿ 80 ಅಂಕ. ಇಬ್ಬರೂ ಒಂದೇ ಎನಿಸುತ್ತದೆ, ಅಲ್ಲವೆ?

ಈಗ ತಾರಸಿಗೆ ಕಾಂಕ್ರೀಟು ಹಾಕಿಸುವ ಗುತ್ತಿಗೆದಾರರೊಬ್ಬರು ಬರಲಿ. ಟಾರ್ಪಾಲು ಹೊದಿಸಲು ದಿನಕ್ಕೆ 2,000 ರೂಪಾಯಿ ಖರ್ಚು. ಹೊದಿಸದೆ ಮಳೆ ಬಿದ್ದರೆ 10,000 ನಷ್ಟ. ಸಂಭವ ಶೇ 20ಕ್ಕಿಂತ ಹೆಚ್ಚಿದ್ದರೆ ಹೊದಿಸುವುದೇ ಲಾಭ. ರಾಯರನ್ನು ನಂಬಿದ ಗುತ್ತಿಗೆದಾರ 20 ದಿನ ಮಾತ್ರ ಹೊದಿಸಿದ, ಖರ್ಚು 40,000. ಉಳಿದ 80 ದಿನಗಳಲ್ಲಿ 14 ಸಲ ನೆನೆದ, ನಷ್ಟ 1,40,000. ಒಟ್ಟು 1,80,000. ಗೌಡರನ್ನು ನಂಬಿದ್ದರೆ 50 ದಿನ ಹೊದಿಸುತ್ತಿದ್ದ, 5 ಸಲ ನೆನೆಯುತ್ತಿದ್ದ, ಒಟ್ಟು 1,50,000. ಸಮಾನ ಅಂಕ ಪಡೆದ ಇಬ್ಬರ ನಡುವೆ ಮೂವತ್ತು ಸಾವಿರದ ವ್ಯತ್ಯಾಸ! ರಾಯರಿಗೆ ಮಳೆಯ ಜ್ಞಾನ ಕಡಿಮೆಯೇನಲ್ಲ, ತಮ್ಮ ಮೇಲಿನ ಭರವಸೆ ಜಾಸ್ತಿ, ಅಷ್ಟೆ.

ಇದನ್ನು ಕಣ್ಣಿಗೆ ಕಾಣುವಂತೆ ಮಾಡುವುದು ವಿಶ್ವಾಸಾರ್ಹತೆಯ ನಕ್ಷೆ. ಒಂದು ಚೌಕ ಬರೆಯಿರಿ. ಅಡ್ಡಗೆರೆಯ ಮೇಲೆ ಹೇಳಿದ ಸಂಭವ, ನಿಲುಗೆರೆಯ ಮೇಲೆ ನಿಜಕ್ಕೂ ಮಳೆ ಬಂದ ಪ್ರಮಾಣ. ಕೆಳಗಿನ ಎಡಮೂಲೆಯಿಂದ ಮೇಲಿನ ಬಲಮೂಲೆಗೆ ಒಂದು ಕರ್ಣ ಎಳೆಯಿರಿ. ಗೌಡರ ಮೂರು ಚುಕ್ಕೆಗಳೂ ಕರ್ಣದ ಮೇಲೆಯೇ ಕೂರುತ್ತವೆ. ರಾಯರ ಚುಕ್ಕೆಗಳು ಎಡಗಡೆ ಕರ್ಣಕ್ಕಿಂತ ಮೇಲೆ, ಬಲಗಡೆ ಕೆಳಗೆ. ಅತಿಯಾದ ಆತ್ಮವಿಶ್ವಾಸದ ಗುರುತೇ ಇದು. ಚಿಕಾಗೋದ ಹವಾಮಾನ ತಜ್ಞರ ಮುನ್ಸೂಚನೆಗಳನ್ನು ಅಲನ್ ಮರ್ಫಿ ಮತ್ತು ರಾಬರ್ಟ್ ವಿಂಕ್ಲರ್ 1977ರಲ್ಲಿ ಹೀಗೆ ಪರೀಕ್ಷಿಸಿದಾಗ ಚುಕ್ಕೆಗಳು ಬಹುಮಟ್ಟಿಗೆ ಕರ್ಣವನ್ನೇ ಹಿಡಿದಿದ್ದವು. ದಿನವೂ ಸಂಖ್ಯೆ ಹೇಳಿ, ಮರುದಿನವೇ ಫಲ ಕಾಣುವ ಕಸುಬು ಅವರದು.

ಆದರೆ ಚುಕ್ಕೆ ಕರ್ಣದಿಂದ ಸರಿದ ಮಾತ್ರಕ್ಕೆ ತೀರ್ಪು ಕೊಡಬಾರದು. ಆ ಚುಕ್ಕೆಯ ಹಿಂದೆ ಎಷ್ಟು ದಿನಗಳಿವೆ ಎಂದು ಕೇಳಬೇಕು. ರಾಯರು ಶೇ 5 ಎಂದ 50 ದಿನಗಳಲ್ಲಿ ಎರಡು ಮೂರು ಮಳೆ ನಿರೀಕ್ಷಿತ, ಬಂದದ್ದು ಐದು. ಇದು ಬರಿಯ ಆಕಸ್ಮಿಕವೂ ಇರಬಹುದು. ಶೇ 10 ಎಂದಲ್ಲಿ ಮೂರರ ಬದಲು ಒಂಬತ್ತು ಬಂದದ್ದನ್ನು ಹಾಗೆ ತಳ್ಳಿಹಾಕಲಾಗದು. ಇನ್ನೊಂದು ಮಾತು. ನೂರು ದಿನಗಳಲ್ಲಿ ಒಟ್ಟು 28 ದಿನ ಮಳೆ ಬಂತಷ್ಟೆ? ದಿನವೂ ಕಣ್ಣುಮುಚ್ಚಿ ‘ಶೇ 28’ ಎನ್ನುವ ಸೋಮಾರಿಯ ಒಂದೇ ಚುಕ್ಕೆಯೂ ಸರಿಯಾಗಿ ಕರ್ಣದ ಮೇಲೆಯೇ ಇರುತ್ತದೆ! ಆದರೆ ಅವನನ್ನು ನಂಬಿದ ಗುತ್ತಿಗೆದಾರ ನೂರು ದಿನವೂ ಹೊದಿಸಿ ಎರಡು ಲಕ್ಷ ಕಳೆಯುತ್ತಾನೆ. ರಾಯರೇ ವಾಸಿ. ಚುಕ್ಕೆಗಳು ಕರ್ಣದ ಮೇಲಿದ್ದರೆ ಸಾಲದು, ಆಚೀಚೆ ಹರಡಿಯೂ ಇರಬೇಕು.

ರಾಯರ ಕಾಯಿಲೆ ಈಗ ಕಂಪ್ಯೂಟರುಗಳಿಗೂ ತಗುಲಿದೆ. ಚಿತ್ರ ನೋಡಿ ಇದು ಇಂಥ ವಸ್ತು ಎಂದು ಗುರುತಿಸುವ ನರಜಾಲ ಪ್ರೋಗ್ರಾಮುಗಳು ಉತ್ತರದ ಜೊತೆಗೆ ‘ಶೇ 95 ಖಾತ್ರಿ’ ಎಂಬಂಥ ಸಂಖ್ಯೆಯನ್ನೂ ಕೊಡುತ್ತವೆ. ಕಾರ್ನೆಲ್ ವಿಶ್ವವಿದ್ಯಾಲಯದ ನಾಲ್ವರು 2017ರಲ್ಲಿ 1998ರ ಐದು ಪದರಗಳ ಹಳೆಯ ಜಾಲವನ್ನೂ 110 ಪದರಗಳ ಹೊಸ ಜಾಲವನ್ನೂ ಹೋಲಿಸಿದರು. ಹೊಸದು ಹೆಚ್ಚು ಸರಿ ಹೇಳುತ್ತಿತ್ತು. ಆದರೆ ಹಳೆಯದರ ಸಂಖ್ಯೆಗಳು ಕರ್ಣದ ಹತ್ತಿರವಿದ್ದವು, ಹೊಸದರವು ಎಷ್ಟೋ ಕೆಳಗಿದ್ದವು. ಕಾರಣ ತರಬೇತಿಯಲ್ಲಿದೆ. ಸರಿಯುತ್ತರಕ್ಕೆ ಕೊಟ್ಟ ಸಂಭವ ನೂರರ ಹತ್ತಿರ ಹೋದಷ್ಟೂ ದಂಡ ಕಡಿಮೆ. ಅಭ್ಯಾಸದ ಚಿತ್ರಗಳನ್ನೆಲ್ಲ ಸರಿಯಾಗಿ ಗುರುತಿಸಲು ಕಲಿತ ಮೇಲೂ, ದಂಡ ಇಳಿಸುವ ಆಸೆಗೆ ಜಾಲ ತನ್ನ ಖಾತ್ರಿಯನ್ನು ಏರಿಸುತ್ತಲೇ ಹೋಗುತ್ತದೆ.

ಅವರು ಸೂಚಿಸಿದ ಮದ್ದು ಅಚ್ಚರಿಯಾಗುವಷ್ಟು ಸರಳ. ಸಂಭವವಾಗಿ ಬದಲಾಗುವ ಮುನ್ನ ಜಾಲದೊಳಗಿರುವ ಅಂಕಗಳನ್ನೆಲ್ಲ ಒಂದೇ ಸಂಖ್ಯೆಯಿಂದ ಭಾಗಿಸುವುದು. ಎರಡೇ ಉತ್ತರಗಳಿರುವಲ್ಲಿ 2ರಿಂದ ಭಾಗಿಸಿದರೆ 9ಕ್ಕೆ 1ರಂತಿದ್ದ ಬಾಜಿ 3ಕ್ಕೆ 1 ಆಗುತ್ತದೆ. ಶೇ 90 ಇದ್ದದ್ದು ಶೇ 75ಕ್ಕೆ ಇಳಿಯುತ್ತದೆ. ಐವತ್ತು ಐವತ್ತಾಗಿಯೇ ಉಳಿಯುವುದರಿಂದ ಯಾವ ಉತ್ತರವೂ ಬದಲಾಗದು, ಅಂಕವೂ ಬದಲಾಗದು. ಎಷ್ಟರಿಂದ ಭಾಗಿಸಬೇಕೆಂಬುದನ್ನು ಮಾತ್ರ ತರಬೇತಿಗೆ ಬಳಸದ, ಬೇರೆಯಾಗಿ ಎತ್ತಿಟ್ಟ ಉದಾಹರಣೆಗಳಿಂದ ಕಂಡುಕೊಳ್ಳಬೇಕು. ಅಭ್ಯಾಸದ ಚಿತ್ರಗಳಲ್ಲೇ ಹುಡುಕಿದರೆ ಜಾಲಕ್ಕೆ ಯಾವ ಕಾಯಿಲೆಯೂ ಇಲ್ಲವೆಂದೇ ಕಾಣುತ್ತದೆ.

ಈ ಮದ್ದು ಎಲ್ಲ ಊರಿಗೂ ಒಗ್ಗುವುದಿಲ್ಲ. ನಗರದ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆಗೆ ಬಂದ ಹತ್ತರಲ್ಲಿ ಮೂವರಿಗೆ ಕಾಯಿಲೆ ಇರುತ್ತದೆ ಎನ್ನಿ. ಅಲ್ಲಿ ಕರ್ಣದ ಮೇಲೆ ಕೂರಿಸಿದ ಪ್ರೋಗ್ರಾಮನ್ನು ನೂರರಲ್ಲಿ ಒಬ್ಬರಿಗೆ ಕಾಯಿಲೆ ಇರುವ ಹಳ್ಳಿಯ ಶಿಬಿರಕ್ಕೆ ಒಯ್ದರೆ, ಅದು ಶೇ 70 ಎಂದವರಲ್ಲಿ ಹೆಚ್ಚಿನವರು ಆರೋಗ್ಯವಂತರೇ ಆಗಿರಬಹುದು. ಅಲ್ಲಿನ ಜನರದೇ ಎಣಿಕೆ ಇಟ್ಟು ಹೊಸದಾಗಿ ಚುಕ್ಕೆ ಹಾಕಬೇಕು. ಯಂತ್ರ ಮಾರಲು ಬಂದವರು ‘ನೂರಕ್ಕೆ ತೊಂಬತ್ತೈದು ಸರಿ’ ಎಂದು ಹೊಳೆಯುವ ಹಾಳೆ ತೋರಿಸಿದರೆ, ಆ ಚೌಕದ ನಕ್ಷೆ ಎಲ್ಲಿ, ಅದು ಯಾವ ಊರಿನ ರೋಗಿಗಳದು, ಒಂದೊಂದು ಚುಕ್ಕೆಯಲ್ಲಿ ಎಷ್ಟು ಜನ ಎಂದು ಡಾಕ್ಟರು ಕೇಳಬಹುದು.