ತುಂಬದ ಟಾಕಿ, ನಿಲ್ಲದ ನೀರು

ಬೀದರ ಜಿಲ್ಲೆಯ ಹುಲಸೂರಿನಲ್ಲಿ ಅಕ್ಕಪಕ್ಕದಲ್ಲೇ ಅಣ್ಣ-ತಮ್ಮಂದಿರ ಎರಡು ಮನೆಗಳಿವೆ ಎಂದಿಟ್ಟುಕೊಳ್ಳಿ. ಎರಡೂ ಮನೆಗಳಲ್ಲಿ 500 ಲೀಟರಿನ ಟಾಕಿ. ಎರಡಕ್ಕೂ ಒಂದೇ ಅಂಗಡಿಯಿಂದ ತಂದ, ಹೊರಗಿನಿಂದ ನೋಡಲು ಒಂದೇ ತೆರನಾದ ಫ್ಲೋಟ್ ವಾಲ್ವ್. ಅಂಗಡಿಯವರು ಇದನ್ನು ಬಾಲ್ ಕಾಕ್ ಎನ್ನುತ್ತಾರೆ. ಅಣ್ಣನ ಟಾಕಿ ಬೆಳಗಿನಿಂದ ಮಧ್ಯಾಹ್ನದವರೆಗೂ ತುಂಬುವುದಿಲ್ಲ. ತಮ್ಮನ ಟಾಕಿ ಬೇಗ ತುಂಬುತ್ತದೆ, ಆದರೆ ರಾತ್ರಿಯಿಡೀ ನಳ ಬಿಟ್ಟ ದಿನ ಹೊರಚೆಲ್ಲುವ ಕೊಳವೆಯಿಂದ ನೀರು ಅಂಗಳಕ್ಕೆ ಸುರಿಯುತ್ತದೆ.

"ಅಣ್ಣಾ, ನಿನ್ನ ಟಾಕಿ ತುಂಬೋದೇ ಇಲ್ಲ, ನಂದು ತುಂಬಿದ್ರೂ ನಿಲ್ಲೋದಿಲ್ಲ" ಎಂದು ತಮ್ಮ ದೂರುತ್ತಾನೆ. ಎರಡೂ ವಾಲ್ವುಗಳು ಕೆಟ್ಟಿವೆಯೆಂದು ಇಬ್ಬರೂ ನಂಬಿದ್ದಾರೆ. ನಿಜವಾಗಿ ಎರಡೂ ಸರಿಯಾಗಿಯೇ ಇವೆ. ಒಂದರ ಜಾಗದಲ್ಲಿ ಇನ್ನೊಂದು ಕುಳಿತಿದೆ, ಅಷ್ಟೇ. ಅದು ಹೇಗೆಂದು ತಿಳಿಯಲು ವಾಲ್ವಿನ ಒಳಗೆ ಇಣುಕಬೇಕು.

ಕೊಳವೆಯ ನೀರು ಟಾಕಿಗೆ ಬೀಳುವ ಮೊದಲು ವಾಲ್ವಿನೊಳಗಿನ ಒಂದು ಸಣ್ಣ ರಂಧ್ರವನ್ನು ದಾಟುತ್ತದೆ. ಆ ರಂಧ್ರದ ಎದುರು ರಬ್ಬರಿನ ವಾಷರ್ ಇದೆ. ವಾಷರನ್ನು ಒತ್ತುವುದು ಒಂದು ಸನ್ನೆ. ಅದರ ತುದಿಯಲ್ಲಿ ಟೊಳ್ಳು ಚೆಂಡು. ನೀರು ಏರಿದಂತೆ ಚೆಂಡು ತೇಲಿ ಸನ್ನೆಯನ್ನು ಎತ್ತುತ್ತದೆ, ವಾಷರ್ ರಂಧ್ರವನ್ನು ಮುಚ್ಚುತ್ತದೆ. ಹಳೆಯ ಹಿತ್ತಾಳೆಯ ವಾಲ್ವುಗಳಲ್ಲಿ ವಾಷರ್ ಒಂದು ಚಿಕ್ಕ ಪಿಸ್ಟನ್ನಿನ ತುದಿಯಲ್ಲಿ ಕುಳಿತಿರುತ್ತದೆ. ಇನ್ನೊಂದು ಬಗೆಯಲ್ಲಿ ಪಿಸ್ಟನ್ನಿನ ಬದಲು ರಬ್ಬರಿನ ಪೊರೆಯಿದ್ದು, ಸನ್ನೆ ಅದನ್ನೇ ರಂಧ್ರಕ್ಕೆ ಒತ್ತುತ್ತದೆ. ತತ್ವ ಎರಡಕ್ಕೂ ಒಂದೇ. ಆದರೆ ಕೊಳ್ಳುವವರು ಮೊದಲು ನೋಡಬೇಕಾದ ಭೇದ ಬೇರೆ: ರಂಧ್ರ ಸಣ್ಣದೋ ದೊಡ್ಡದೋ? ಸಣ್ಣ ರಂಧ್ರದ್ದು ಹೆಚ್ಚು ಒತ್ತಡದ ವಾಲ್ವ್, ದೊಡ್ಡ ರಂಧ್ರದ್ದು ಕಡಿಮೆ ಒತ್ತಡದ ವಾಲ್ವ್.

ಅಣ್ಣನ ವಾಲ್ವಿನ ರಂಧ್ರ 3 ಮಿ.ಮೀ. ಅವನ ಟಾಕಿಗೆ ನೀರು ಬರುವುದು ಮಹಡಿಯ ಮೇಲಿನ ಇನ್ನೊಂದು ಟಾಕಿಯಿಂದ. ಎರಡರ ನಡುವಿನ ಎತ್ತರ ಬರೀ 2 ಮೀಟರ್. ರಂಧ್ರದಿಂದ ಚಿಮ್ಮುವ ನೀರಿನ ವೇಗ ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆಂದು ಇಟಲಿಯ ಟೊರಿಚೆಲ್ಲಿ 1644ರಲ್ಲಿ ಪ್ರಕಟಿಸಿದ್ದ. ಆ ಸೂತ್ರ ಬಳಸಿ, ರಂಧ್ರದಲ್ಲಿ ಧಾರೆ ಕುಗ್ಗುವುದನ್ನೂ ಲೆಕ್ಕಕ್ಕೆ ಹಿಡಿದರೆ, ಅಣ್ಣನ ಟಾಕಿಗೆ ನಿಮಿಷಕ್ಕೆ ಸುಮಾರು 1.6 ಲೀಟರ್ ನೀರು ಬೀಳುತ್ತದೆ. 500 ಲೀಟರಿಗೆ 5 ಗಂಟೆಗೂ ಹೆಚ್ಚು ಕಾಲ ಬೇಕು! ರಂಧ್ರ 9 ಮಿ.ಮೀ. ಇದ್ದಿದ್ದರೆ ವ್ಯಾಸ ಮೂರು ಪಟ್ಟು, ಕ್ಷೇತ್ರಫಲ ಒಂಬತ್ತು ಪಟ್ಟು. ಕೊಳವೆಯ ಘರ್ಷಣೆಯನ್ನು ಬಿಟ್ಟರೆ ಸುಮಾರು 35 ನಿಮಿಷದಲ್ಲಿ ಟಾಕಿ ತುಂಬುತ್ತಿತ್ತು.

ಹಾಗಾದರೆ ಎಲ್ಲರೂ ದೊಡ್ಡ ರಂಧ್ರದ್ದನ್ನೇ ಏಕೆ ಹಾಕಬಾರದು? ತಮ್ಮನ ಮನೆ ಇದಕ್ಕೆ ಉತ್ತರ. ಅವನ ವಾಲ್ವಿನ ರಂಧ್ರ 9 ಮಿ.ಮೀ. ನೀರು ಬರುವುದು ಊರಿನ ಎತ್ತರದ ಟ್ಯಾಂಕಿನಿಂದ. ಅಲ್ಲಿನ ನೀರಿನ ಮಟ್ಟ ಇವನ ಟಾಕಿಗಿಂತ 10 ಮೀಟರ್ ಮೇಲೆ. 10 ಮೀಟರ್ ನೀರು ಪ್ರತಿ ಚದರ ಸೆಂ.ಮೀ.ಗೆ 1 ಕಿಲೋಗ್ರಾಂ ಭಾರದಷ್ಟು ಒತ್ತುತ್ತದೆ. 9 ಮಿ.ಮೀ. ರಂಧ್ರದ ಮೇಲೆ ಆ ಬಲ ಸುಮಾರು 640 ಗ್ರಾಂ. ಸನ್ನೆಯ ಕೀಲಿನಿಂದ ವಾಷರಿಗೆ 3 ಸೆಂ.ಮೀ., ಚೆಂಡಿಗೆ 18 ಸೆಂ.ಮೀ. ಇದ್ದರೆ ಚೆಂಡು ಅದರ ಆರನೆಯ ಒಂದು ಭಾಗ, ಅಂದರೆ ಸುಮಾರು 106 ಗ್ರಾಂ ಎತ್ತುಬಲ ಕೊಡಬೇಕು. 8 ಸೆಂ.ಮೀ. ವ್ಯಾಸದ, 60 ಗ್ರಾಂ ತೂಗುವ ಚೆಂಡು ಅರ್ಧ ಮುಳುಗಿದಾಗ ಆರ್ಕಿಮಿಡೀಸನ ತತ್ವದಂತೆ ಕೊಡುವ ನಿವ್ವಳ ಬಲ 74 ಗ್ರಾಂ ಮಾತ್ರ.

ಹಗಲಿನಲ್ಲಿ ಊರವರೆಲ್ಲ ನಳ ತೆರೆದಿರುತ್ತಾರೆ. ಆಗ ಒತ್ತಡ ಅರ್ಧಕ್ಕಿಳಿದರೆ 53 ಗ್ರಾಂ ಸಾಕು, ವಾಲ್ವ್ ಮುಚ್ಚುತ್ತದೆ. ರಾತ್ರಿ ಎಲ್ಲರೂ ನಳ ಮುಚ್ಚಿ ಮಲಗಿದಾಗ ಒತ್ತಡ ಪೂರ್ತಿ ಏರುತ್ತದೆ. ಅದನ್ನು ತಡೆಯಲು ಚೆಂಡು ಇನ್ನೂ ಸುಮಾರು 1 ಸೆಂ.ಮೀ. ಮುಳುಗಬೇಕು, ಅಂದರೆ ನೀರೂ ಅಷ್ಟು ಏರಬೇಕು. ತಮ್ಮನ ಟಾಕಿಯಲ್ಲಿ ಹೊರಚೆಲ್ಲುವ ಕೊಳವೆ ಅಷ್ಟರೊಳಗೇ ಇದೆ! ರಾತ್ರಿ ಮಾತ್ರ ಸುರಿಯುವ ಟಾಕಿಯ ಗುಟ್ಟು ಹೆಚ್ಚಾಗಿ ಇದೇ.

ಅಣ್ಣ-ತಮ್ಮಂದಿರು ವಾಲ್ವುಗಳನ್ನು ಅದಲುಬದಲು ಮಾಡಿಕೊಂಡರೆ ಸಾಕು. 3 ಮಿ.ಮೀ. ರಂಧ್ರಕ್ಕೆ ತಮ್ಮನ ಚೆಂಡು 12 ಗ್ರಾಂ ಬಲ ಕೊಟ್ಟರೆ ಮುಗಿಯಿತು. 10 ಮೀಟರ್ ಒತ್ತಡದಲ್ಲಿ ಟಾಕಿ ತುಂಬಲು ಎರಡೂವರೆ ಗಂಟೆಯೊಳಗೆ ಸಾಕಾಗುತ್ತದೆ. ರಾತ್ರಿಯಿಡೀ ಬರುವ ನೀರಿಗೆ ಅದು ತಡವಲ್ಲ. ಅಂಗಡಿಯಲ್ಲಿ ಕೊಳ್ಳುವಾಗ ವಾಲ್ವ್ ಬಿಚ್ಚಿಸಿ ರಂಧ್ರ ನೋಡಬೇಕು. ಪೆನ್ಸಿಲ್ ತೂರಿದರೆ ದೊಡ್ಡದು, ಬೆಂಕಿಕಡ್ಡಿ ಮಾತ್ರ ತೂರಿದರೆ ಸಣ್ಣದು.

ವಾಲ್ವ್ ಜಾಗಕ್ಕೆ ತಕ್ಕದ್ದಾಗಿದ್ದೂ ನೀರು ಚೆಲ್ಲುತ್ತಿದ್ದರೆ ಒಂದು ಸರಳ ಪರೀಕ್ಷೆಯಿದೆ. ಚೆಂಡನ್ನು ಕೈಯಿಂದ ಮೇಲಕ್ಕೆ ಎತ್ತಿ ಹಿಡಿಯಬೇಕು. ನೀರು ಪೂರ್ತಿ ನಿಂತರೆ ವಾಷರ್ ಸರಿಯಿದೆ, ದೋಷ ಚೆಂಡಿನಲ್ಲಿ ಅಥವಾ ಮಟ್ಟದಲ್ಲಿ. ಚೆಂಡು ಬಿಚ್ಚಿ ಕಿವಿಯ ಬಳಿ ಅಲ್ಲಾಡಿಸಿದಾಗ ಗುಳುಗುಳು ಸದ್ದು ಬಂದರೆ ಒಳಗೆ ನೀರು ಸೇರಿದೆ, ಹೊಸ ಚೆಂಡೇ ಬೇಕು. ಚೆಂಡು ಟಾಕಿಯ ಗೋಡೆಗೆ ತಾಗುತ್ತಿದೆಯೇ ಎಂದೂ ನೋಡಬೇಕು. ಎಲ್ಲ ಸರಿಯಿದ್ದರೆ ಕಡ್ಡಿಯನ್ನು ಸ್ವಲ್ಪ ಕೆಳಕ್ಕೆ ಬಗ್ಗಿಸಿ, ಅಥವಾ ತಿರುಪು ಇದ್ದರೆ ಅದನ್ನು ತಿರುಗಿಸಿ, ನೀರು ಹೊರಚೆಲ್ಲುವ ಕೊಳವೆಗಿಂತ ಒಂದು ಇಂಚಾದರೂ ಕೆಳಗೆ ನಿಲ್ಲುವಂತೆ ಮಾಡಬೇಕು. ಚೆಂಡು ಎತ್ತಿ ಹಿಡಿದರೂ ನೀರು ಜಿನುಗಿದರೆ ದೋಷ ವಾಷರಿನದು. ಗೇಟ್ ವಾಲ್ವ್ ಮುಚ್ಚಿ, ಕೀಲಿನ ಪಿನ್ ತೆಗೆದು, ಪಿಸ್ಟನ್ ಹೊರಗೆಳೆದು ನೋಡಬೇಕು. ಮರಳಿನ ಕಣ ಸಿಕ್ಕಿದ್ದರೆ ತೊಳೆದರೆ ಸಾಕು. ವಾಷರಿನಲ್ಲಿ ಉಂಗುರದ ಗುರುತು ಆಳವಾಗಿ ಮೂಡಿದ್ದರೆ ಬದಲಿಸಬೇಕು. ಹೊಸ ವಾಷರ್ ಹಾಕಿದರೂ ಸೋರಿದರೆ ರಂಧ್ರದ ಅಂಚು ಸವೆದಿದೆ, ಇಡೀ ವಾಲ್ವ್ ಬದಲಿಸುವುದೇ ದಾರಿ.

ನಿಧಾನ ತುಂಬುವ ಟಾಕಿಗೆ ಬಕೆಟ್ ಪರೀಕ್ಷೆ. ವಾಲ್ವ್ ಬಿಚ್ಚಿ ಬರಿಯ ಕೊಳವೆಯಿಂದ 10 ಲೀಟರ್ ಬಕೆಟ್ ತುಂಬಲು ಎಷ್ಟು ಹೊತ್ತು, ವಾಲ್ವಿನೊಡನೆ ಎಷ್ಟು ಹೊತ್ತು ಎಂದು ಗಡಿಯಾರ ನೋಡಬೇಕು. ವಾಲ್ವಿಲ್ಲದಾಗಲೂ ನಿಧಾನವಾದರೆ ತಪ್ಪು ಕೊಳವೆಯದು ಅಥವಾ ಅರೆತೆರೆದ ಗೇಟ್ ವಾಲ್ವಿನದು. ವಾಲ್ವಿನೊಡನೆ ಮಾತ್ರ ನಿಧಾನವಾದರೆ ರಂಧ್ರ ಸಣ್ಣದು, ಇಲ್ಲವೇ ಗಡಸು ನೀರಿನ ಬಿಳಿ ಸುಣ್ಣ ಅದನ್ನು ಕಟ್ಟಿದೆ. ಬಿಚ್ಚಿದ ಭಾಗವನ್ನು ಲಿಂಬೆರಸದಲ್ಲಿ ಕೆಲವು ಗಂಟೆ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಸುಣ್ಣ ಬಿಡುತ್ತದೆ. ಟಾಕಿ ತುಂಬುವ ಕೊನೆಯ ಹೊತ್ತಿನಲ್ಲಿ ಧಾರೆ ಸಣ್ಣಗಾಗುವುದು ಮಾತ್ರ ದೋಷವಲ್ಲ. ಚೆಂಡು ಏರಿದಂತೆ ವಾಷರ್ ಮೆಲ್ಲಗೆ ಮುಚ್ಚುತ್ತಿರುತ್ತದೆ.

ಬೋರಿನ ಮೋಟಾರಿನಿಂದ ನೇರವಾಗಿ ತುಂಬುವ ಟಾಕಿಗೆ ಫ್ಲೋಟ್ ವಾಲ್ವ್ ತಕ್ಕದ್ದಲ್ಲ. ಅದು ಮುಚ್ಚಿಕೊಂಡರೂ ಮೋಟಾರು ತಿರುಗುತ್ತಲೇ ಇರುತ್ತದೆ. ಪಂಪಿನೊಳಗಿನ ನೀರು ಕಾಯುತ್ತದೆ, ಕೊಳವೆಯ ಬೆಸುಗೆ ಬಿಡಬಹುದು. ಅಲ್ಲಿ ಬೇಕಾದುದು ನೀರು ತುಂಬಿದಾಗ ಕರೆಂಟನ್ನೇ ಕಡಿಯುವ ಫ್ಲೋಟ್ ಸ್ವಿಚ್. ಅದನ್ನು ಜೋಡಿಸುವುದು ಎಲೆಕ್ಟ್ರಿಷಿಯನ್ನನ ಕೆಲಸ, ಮಕ್ಕಳದಲ್ಲ.