ಮ್ಯಾಲಿನ ಮನಿ ಮುಗಸೋದೋ, ಅರ್ಧಕ್ಕ ಬಿಡೋದೋ?

ನಮ್ಮ ಮನಿ ಮ್ಯಾಲೆ ಇನ್ನೊಂದು ಮನಿ ಅರ್ಧಕ್ಕ ನಿಂತು ಎರಡು ಮಳಿಗಾಲ ಕಳದಾವ. ಕಂಬ ಎದ್ದಾವ, ಸ್ಲ್ಯಾಬ್ ಬಿದ್ದದ, ಗೋಡಿ ಟೊಂಕದ ಮಟ್ಟಕ್ಕ ಬಂದು ನಿಂತಾವ. ಧಾರವಾಡಕ್ಕ ಕೋಚಿಂಗಿಗೆ ಬರೋ ಹುಡುಗ್ರಿಗೆ ಬಾಡಗಿ ಕೊಟ್ಟರ ಮುಪ್ಪಿನಾಗ ತಿಂಗಳಾ ಒಂದಿಷ್ಟು ರೊಕ್ಕ ಬರತದ ಅಂತ ಶುರು ಮಾಡಿದ್ವಿ. ನಡುವ ನಮ್ಮನಿಯವರಿಗೆ ಹಾರ್ಟ್ ಆಪರೇಷನ್ ಆತು, ಕೆಲಸ ನಿಂತತು. ಅಷ್ಟೊತ್ತಿಗೆ 9 ಲಕ್ಷ ಹೋಗಿತ್ತು. ಈಗ ಕೈಯಾಗ ಇರೋದು 8 ಲಕ್ಷದ ಎಫ್‌ಡಿ. ಅದನ್ನ ಒಡದು ಮನಿ ಮುಗಸಬೇಕೋ, ಬಿಟ್ಟು ಬಿಡಬೇಕೋ ಅಂತ ನಮ್ಮನ್ಯಾಗ ಮೂರು ತಿಂಗಳು ಜಗಳ ನಡದದ.

ನಮ್ಮನಿಯವರದು ಒಂದ ಮಾತು. "9 ಲಕ್ಷ ಸುರದೀವಿ, ಅದನ್ನ ಮಣ್ಣುಪಾಲು ಮಾಡತೀಯೇನ? ಮುಗಸೋದ." ಮೈದುನ ಹುಬ್ಬಳ್ಳಿಯಿಂದ ಬಂದಾಗ ಮೊಬೈಲಿನಾಗ ಲೆಕ್ಕ ಹಾಕಿ ತೋರಿಸಿದ. "ವೈನಿ, ಒಟ್ಟು ಖರ್ಚು 15 ಲಕ್ಷ ದಾಟತದ. ವರ್ಷಕ್ಕ ಕೈಗೆ ಉಳಿಯೋದು 65 ಸಾವಿರ. ನಾಲ್ಕೂ ಕಾಲು ಪರ್ಸೆಂಟಿಗೆ ಯಾರರ ರೊಕ್ಕ ಹಾಕತಾರೇನ್ರಿ? ಬಿಟ್ಟು ಬಿಡ್ರಿ."

ಅಣ್ಣಗ ತಮ್ಮಗ ಹಾವು ಮುಂಗಸಿ ಇದ್ದಂಗ. ಆದ್ರ ನಾ ಇಪ್ಪತ್ತೆಂಟು ವರ್ಷ ಪಿಯು ಹುಡುಗ್ರಿಗೆ ಅಕೌಂಟನ್ಸಿ ಕಲಿಸಿದಾಕಿ, ನನಗ ಕಂಡಿದ್ದು ಇಬ್ಬರೂ ಮಾಡಿದ್ದು ಒಂದ ತಪ್ಪು ಅಂತ. ಇಬ್ಬರೂ ಆ 9 ಲಕ್ಷ ಹಿಡಕೊಂಡು ಕೂತಾರ. ಮುಗಿಸಿದರೂ ಅದು ವಾಪಸ್ ಬರೂದಿಲ್ಲ, ಬಿಟ್ಟರೂ ಬರೂದಿಲ್ಲ. ಇದಕ್ಕ ನಮ್ಮ ಪುಸ್ತಕದಾಗ ಸಂಕ್ ಕಾಸ್ಟ್ ಅಂತಾರ, ಮುಳುಗಿದ ರೊಕ್ಕ. ಮುಳುಗಿದ ರೊಕ್ಕ ಮನಷ್ಯಾನ್ನ ಮುಂದಕ್ಕ ದಬ್ಬತದ ಅಂತ ಎಲ್ಲಾರೂ ಹೇಳತಾರ. ಮೈದುನನಂಗ ಅದನ್ನ ಒಟ್ಟು ಖರ್ಚಿನಾಗ ಕೂಡಿಸಿದ್ರ ಹಿಂದಕ್ಕೂ ಜಗ್ಗತದ, ಅದನ್ನ ಯಾರೂ ಹೇಳೂದಿಲ್ಲ.

ಅಮೆರಿಕದ ಒಹಾಯೊ ಯುನಿವರ್ಸಿಟಿಯ ಥಿಯೇಟರಿನಾಗ ಆರ್ಕ್ಸ್ ಮತ್ತು ಬ್ಲೂಮರ್ ಅನ್ನೋರು ಒಂದು ಪರೀಕ್ಷೆ ಮಾಡಿದ್ರು, 1985ರಾಗ ಅದು ಅಚ್ಚಾತು. ಇಡೀ ಸೀಸನ್ನಿನ ನಾಟಕದ ಟಿಕೀಟು ಕೆಲವರಿಗೆ ಪೂರಾ ರೇಟಿಗೆ, ಕೆಲವರಿಗೆ ಸೋಡಿ ಬಿಟ್ಟು ಕೊಟ್ಟರು. ಪೂರಾ ರೊಕ್ಕ ಕೊಟ್ಟೋರು ಮೊದಲ ಅರ್ಧ ಸೀಸನ್ನಿನಾಗ ಹೆಚ್ಚು ನಾಟಕಕ್ಕ ಹೋದ್ರು, ಉಳಿದ ಅರ್ಧದಾಗ ಆ ಫರಕ ಕಾಣಲಿಲ್ಲ. ದಿನಾ ಹೋದಂಗ ಕೊಟ್ಟ ರೊಕ್ಕದ ಉರಿ ಆರತದ ಅನಸ್ತದ. ನಮ್ಮನಿಯವರ 9 ಲಕ್ಷದ ಉರಿ ಮಾತ್ರ ಎರಡು ಮಳಿಗಾಲಕ್ಕೂ ಆರಿಲ್ಲ.

ನಾ ಒಂದು ಹಾಳಿ ತಗೊಂಡು ನಡುವ ಗೆರಿ ಹೊಡದೆ. ಒಂದು ಕಡೆ 'ಮುಗಿಸಿದರ', ಇನ್ನೊಂದು ಕಡೆ 'ಬಿಟ್ಟರ'. ಎರಡೂ ಕಡೆ ಒಂದ ಇರೋದನ್ನ ಹೊಡದು ಹಾಕೋದು, ಬ್ಯಾರೆ ಆಗೋದನ್ನಷ್ಟ ಬರಿಯೋದು. 9 ಲಕ್ಷ ಹೋತು. ಅದರಾಗ ಬ್ಯಾಂಕಿನ ಸಾಲ ಇತ್ತಲ್ಲ, ಅದರ ಕಂತು ಎರಡೂ ಕಡೆ ಕಟ್ಟಬೇಕು, ಅದೂ ಹೋತು. ಬಡಿಗೇರಗ ಕಿಡಕಿ ಚೌಕಟ್ಟಿನ ಬಾಕಿ 25 ಸಾವಿರ ಕೊಡೋದದ. ಅಳತಿಗೆ ಕೊಯ್ದು ಮಾಡಿಟ್ಟಾನ, ನಾವು ಒಯ್ಯಲಿ ಬಿಡಲಿ ಕೊಡಬೇಕು. ಇನ್ನೂ ಕೊಡದಿದ್ದ ರೊಕ್ಕನೂ ಮುಳುಗಿದ ರೊಕ್ಕ ಆಗತದ, ಇದನ್ನ ನನ್ನ ಛಲೋ ವಿದ್ಯಾರ್ಥಿಗಳೂ ತಪ್ಪತಿದ್ರು.

ಹಿತ್ತಲದಾಗ 4,000 ಇಟ್ಟಂಗಿ ಬಿದ್ದಾವ. ತಂದಾಗ ಒಂದಕ್ಕ 8 ರೂಪಾಯಿ, ಅಂದ್ರ 32 ಸಾವಿರ. ಗೌಂಡಿ "ಅವು ಇದ್ದ ಇದ್ದಾವಲ್ರಿ ಅಕ್ಕಾರ, ಪುಕಟ" ಅಂತ ತನ್ನ ಅಂದಾಜಿನಾಗ ಹಿಡದ ಇಲ್ಲ. ಪುಕಟ ಅಲ್ಲ. ಕೆಲಸ ಬಿಟ್ಟರ ಓಣ್ಯಾಗ ಮನಿ ಕಟ್ಟಸೋರೊಬ್ಬರು 6 ರೂಪಾಯಿಗೆ ಒಯ್ಯತೀನಿ ಅಂದಾರ. ಗೋಡಿಗೆ ಇಟ್ಟರ ಆ 24 ಸಾವಿರ ಬರೂದಿಲ್ಲ, ಹಂಗಾಗಿ ಇಟ್ಟಂಗಿ ಖರ್ಚು 24 ಸಾವಿರ. 32 ಅಲ್ಲ, ಸೊನ್ನೆನೂ ಅಲ್ಲ. ಸಿಮೆಂಟ್ ಕಥಿ ಬ್ಯಾರೆ. ಇಪ್ಪತ್ತು ಚೀಲ ತಂಪು ಹಿಡದು ಗಟ್ಟಿ ಆಗ್ಯಾವ. ಮೂರು ತಿಂಗಳ ಮ್ಯಾಲೆ ಇಟ್ಟ ಸಿಮೆಂಟ್ ಪರೀಕ್ಷೆ ಮಾಡದ ಹಚ್ಚಬಾರದು, ಇದಂತೂ ಕಲ್ಲಾಗಿ ಕೂತದ. ಎಷ್ಟಕ್ಕ ತಂದಿದ್ರೂ ಈಗ ಅದರ ಬೆಲೆ ಸೊನ್ನೆ.

ಬಿಡೋದೂ ಪುಕಟ ಅಲ್ಲ. ಕಟ್ಟೋ ಸಲುವಾಗಿ ಕೆಳಗಿನ ಮನಿ ಮ್ಯಾಲಿನ ಹಳೆ ಗಚ್ಚು ಒಡದಿದ್ವಿ. ಸುತ್ತಲೂ ಗೋಡಿ ಇಲ್ಲದ್ದಕ್ಕ ಮಳಿ ಹೊಡದು ನಮ್ಮ ದೇವರ ಮನ್ಯಾಗ ಸೋರತದ. ಬಿಡೋದ ಇದ್ರ ವಾಟರ್‌ಪ್ರೂಫಿಂಗ್ ಮಾಡಸಬೇಕು, 60 ಸಾವಿರ. ಮುಗಿಸಿದರ ಇದು ಉಳಿತದ.

ಇನ್ನ ಗೌಂಡಿ ಅಂದಾಜು. ಉಳದ ಕೆಲಸಕ್ಕ 5 ಲಕ್ಷ ಅಂದ. ಇಲ್ಲೆ ಮಾತ್ರ ನಾ ಆ 9 ಲಕ್ಷ ವಾಪಸ್ ತಗದೆ. ರೊಕ್ಕ ಅಂತ ಅಲ್ಲ, ಸಾಕ್ಷಿ ಅಂತ. ಇಲ್ಲಿತನಕದ ಕೆಲಸಕ್ಕ ಇದ ಗೌಂಡಿ 7 ಲಕ್ಷ 20 ಸಾವಿರ ಅಂದಿದ್ದ, ಆತು 9. ನಾಲ್ಕು ಅಂದಲ್ಲೆ ಐದು. ಹಂಗಾರ ಈಗಿನ 5 ಲಕ್ಷ ಅಂದ್ರ 6 ಲಕ್ಷ 25 ಸಾವಿರ. ಹೋದ ರೊಕ್ಕ ಮರೀರಿ ಅಂದ್ರ ಅದು ಕಲಿಸಿದ ಪಾಠನೂ ಮರಿಯೋ ಮಂದಿ ಇರತಾರ, ಅವರಿಗೆ ಪ್ರತಿ ಸಲ "ಇನ್ನೊಂದ ಎರಡ ಲಕ್ಷ" ಅನ್ನೋದು ಖರೇ ಅನಸ್ತದ. ಹಂಗ ಎರಡೆರಡ ಲಕ್ಷ ಹಾಕಕೋತ ಮನಿ ಮಾರಿದೋರನ್ನ ನೋಡೀನಿ.

ಕೂಡಿ ಕಳದರ ಹಿಂಗ ಬಂತು. 6,25,000ಕ್ಕ ಇಟ್ಟಂಗಿ 24,000 ಕೂಡಿಸಿ, ಉಳಿಯೋ 60,000 ಕಳದರ 5,89,000. ಬಾಡಗಿ 7,000, ವರ್ಷಕ್ಕ ಒಂದು ತಿಂಗಳು ಖಾಲಿ ಹಿಡದು 77,000. ತೆರಿಗಿ, ರಿಪೇರಿ ಅಂತ 12,000 ತಗದರ 65,000. ಅಂದ್ರ ನೂರಕ್ಕ ಹನ್ನೊಂದು. ಎಫ್‌ಡಿ ಕೊಡೋದು ಏಳು. ಮೈದುನನ 65 ಸಾವಿರನ ಇದು, ಭಾಗಾಕಾರ ಮಾಡಿದ ಸಂಖ್ಯೆ ಅಷ್ಟ ಬ್ಯಾರೆ. ಮೊದಲ ಈ ಮನಿ ಶುರು ಮಾಡಿದ್ದು ತಪ್ಪು ಅಂತ ನಾ ಇವತ್ತೂ ಒಪ್ಪತೀನಿ. ಆದರೂ ಮುಗಸೋದ ಸರಿ.

ಒಂದು ಮಾತು ಹಾಳಿ ಮ್ಯಾಲೆ ಬರಲಿಲ್ಲ. ಎಫ್‌ಡಿ ರಾತ್ರಿ ದವಾಖಾನಿಗೆ ಓಡಬೇಕಾದ್ರ ಕೆಲಸಕ್ಕ ಬರೋ ರೊಕ್ಕ, ಗೋಡಿ ಒಡದು ಬಿಲ್ ಕಟ್ಟಲಿಕ್ಕೆ ಬರೂದಿಲ್ಲ. ಎಲ್ಲಾ ಕಳದು ನಮ್ಮ ಕಡೆ ಒಂದೂವರಿ ಲಕ್ಷ ಉಳಿತದ. ಅದಕ್ಕ ಹೆದರಿಕಿ. ಅದಕ್ಕ ನಾ ಕೆಲಸ ಚಾಲೂ ಮಾಡೋಕಿಂತ ಮೊದಲ ಒಂದು ಗಡಿ ಹಾಕೀನಿ. ಗೋಡಿ, ಗಿಲಾವ್, ನೀರಿನ ಪೈಪು ಮುಗಿಯೋದ್ರಾಗ 3 ಲಕ್ಷ ದಾಟಿದ್ರ ಅಲ್ಲೇ ನಿಲ್ಲಿಸಿ ಹೊಸಾ ಹಾಳಿ ತಗದು, ಉಳದಿದ್ದಷ್ಟ ಮತ್ತ ಲೆಕ್ಕ ಹಾಕೋದು.

ನಮ್ಮನಿಯವರು ಒಪ್ಪಿದ್ರು, ಖರೇ ಅವರು ಒಪ್ಪಿದ್ದು ತಮ್ಮ ಮಾತ ಗೆದ್ದತು ಅಂತ. ಇರಲಿ. ಮ್ಯಾಲೆ ಕಂಬಕ್ಕ ಇದ್ದಲಿಲೇ '3 ಲಕ್ಷ' ಅಂತ ಬರದೀನಿ, ಗೌಂಡಿಗೂ ಕಾಣೂಹಂಗ. ನಿನ್ನೆ ಸಂಜಿಕ ವಹಿ ನೋಡಿದ್ರ 1 ಲಕ್ಷ 10 ಸಾವಿರ ಆಗೇದ, ಗೋಡಿ ಇನ್ನೂ ಲಿಂಟಲ್ ಮುಟ್ಟಿಲ್ಲ.